ಷೇರುಪೇಟೆ ಕುಸಿದ ದಿನ ಏನು ಮಾಡಬೇಕು? ಅದನ್ನು ಮೊದಲೇ ಬರೆದಿಡಿ



ಷೇರುಪೇಟೆ ಜೋರಾಗಿ ಬಿದ್ದ ದಿನ ಸಂಘದ ಫೋನಿಗೆ ಒಂದೇ ರೀತಿಯ ಕರೆಗಳು ಬರುತ್ತವೆ. "ಸಾರ್, ಮ್ಯೂಚುವಲ್ ಫಂಡಿನಲ್ಲಿ ಇಟ್ಟದ್ದು ಇಷ್ಟು ಇಳಿದಿದೆ, ತೆಗೆದುಬಿಡಲಾ?" ನಿವೃತ್ತಿಯ ಹಣವನ್ನು ಸ್ವಲ್ಪ ಸ್ವಲ್ಪ ಫಂಡಿನಲ್ಲಿ ಇಟ್ಟವರು ನಮ್ಮಲ್ಲಿ ಹಲವರಿದ್ದಾರೆ. ನಾನು ಹಣಕಾಸಿನ ಪಂಡಿತನಲ್ಲ. ಮೂವತ್ತನಾಲ್ಕು ವರ್ಷ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಆದರೆ ಈ ವಿಷಯದಲ್ಲಿ ಒಮ್ಮೆ ಸೋತಿದ್ದೇನೆ, ಇನ್ನೊಮ್ಮೆ ಸೋಲದೆ ಉಳಿದಿದ್ದೇನೆ. ಎರಡು ಸಲವೂ ನಾನು ಅದೇ ಮನುಷ್ಯ, ಭಯವೂ ಅಷ್ಟೇ ಇತ್ತು. ವ್ಯತ್ಯಾಸ ಇದ್ದದ್ದು ಒಂದು ಹಾಳೆಯಲ್ಲಿ ಮಾತ್ರ. ಆ ಹಾಳೆಯಲ್ಲಿ ಏನಿರಬೇಕು, ಏಕೆ ಇರಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಪೇಟೆ ಬಿದ್ದ ದಿನ ಇದನ್ನು ಓದಿ ಪ್ರಯೋಜನವಿಲ್ಲ. ಶಾಂತವಾಗಿರುವ ದಿನವೇ ಓದಬೇಕು.

ಮೊದಲು ಸೋತ ಕಥೆ

2007ರ ಡಿಸೆಂಬರಿನಲ್ಲಿ ನಾನು ಒಂದೂವರೆ ಲಕ್ಷ ರೂಪಾಯಿಯನ್ನು ಒಂದು ಷೇರು ಫಂಡಿನಲ್ಲಿ ಹಾಕಿದೆ. ಆಗ ಸೆನ್ಸೆಕ್ಸ್ 20,000ದ ಮೇಲಿತ್ತು. ಕಚೇರಿಯಲ್ಲಿ ಎಲ್ಲರೂ ಹಾಕುತ್ತಿದ್ದರು, ನಾನೂ ಹಾಕಿದೆ. ಆ ಹಣ ಮಗಳ ಕಾಲೇಜು ಫೀಸಿಗೆಂದು ಕೂಡಿಟ್ಟದ್ದು. 2009ರ ಜೂನಿನಲ್ಲಿ ಅದು ಬೇಕಿತ್ತು. ಒಂದೂವರೆ ವರ್ಷ ಇದೆಯಲ್ಲ, ಅಷ್ಟರಲ್ಲಿ ಇನ್ನಷ್ಟು ಬೆಳೆಯಲಿ ಎಂದುಕೊಂಡೆ.

2008ರ ಜನವರಿಯಿಂದಲೇ ಇಳಿಯತೊಡಗಿತು. ಅಕ್ಟೋಬರ್ 24ರ ಶುಕ್ರವಾರ ಸೆನ್ಸೆಕ್ಸ್ ಒಂದೇ ದಿನ ಸಾವಿರಕ್ಕೂ ಹೆಚ್ಚು ಅಂಶ ಬಿದ್ದು 8,700ರ ಸಮೀಪಕ್ಕೆ ಬಂತು. ಶನಿವಾರ, ಭಾನುವಾರ ನಿದ್ದೆಯಿಲ್ಲ. ಸೋಮವಾರ, ದೀಪಾವಳಿಗೆ ಮುಂಚಿನ ದಿನ, ಏಜೆಂಟರ ಬಳಿ ಹೋಗಿ ಎಲ್ಲವನ್ನೂ ಮಾರುವ ಫಾರ್ಮಿಗೆ ಸಹಿ ಹಾಕಿದೆ. ಕೈಗೆ ಬಂದದ್ದು ಸುಮಾರು 63,000 ರೂಪಾಯಿ.

"ಇನ್ನೂ ಇಳಿಯಲಿ, ಆಮೇಲೆ ಮತ್ತೆ ಹಾಕೋಣ" ಎಂದು ಆ ಹಣವನ್ನು ಬ್ಯಾಂಕಿನಲ್ಲಿಟ್ಟೆ. ಪೇಟೆ 2009ರ ಮಾರ್ಚಿನಲ್ಲಿ ಇನ್ನೂ ಸ್ವಲ್ಪ ಕೆಳಗೆ, 8,160ಕ್ಕೆ ಹೋಯಿತು. ಆಗಲೂ ಹಾಕಲಿಲ್ಲ, ಏಕೆಂದರೆ ಆಗ ಇನ್ನೂ ಹೆಚ್ಚು ಭಯ. ಮುಂದೆ ಲೋಕಸಭಾ ಚುನಾವಣೆಯ ಫಲಿತಾಂಶ ಬಂದ ಮೇಲಿನ ಸೋಮವಾರ, ಮೇ 18ರಂದು, ಪೇಟೆ ತೆರೆದ ಕೂಡಲೇ ಎಷ್ಟು ವೇಗವಾಗಿ ಏರಿತೆಂದರೆ ನಿಯಮದ ಪ್ರಕಾರ ವಹಿವಾಟನ್ನೇ ನಿಲ್ಲಿಸಬೇಕಾಯಿತು. ಮತ್ತೆ ತೆರೆದಾಗ ಪುನಃ ಏರಿತು, ಆ ದಿನಕ್ಕೆ ಬಾಗಿಲು ಹಾಕಿದರು. ಒಂದೇ ದಿನದಲ್ಲಿ ಶೇಕಡಾ 17. ಹೊರಗೆ ನಿಂತವನಿಗೆ ಒಳಗೆ ಹೋಗಲು ಅಂದು ಬಾಗಿಲೇ ತೆರೆದಿರಲಿಲ್ಲ. ಏರುವ ದಿನಗಳು ಹೀಗೆಯೇ ಬರುತ್ತವೆ. ಬೀಳುವ ದಿನಗಳ ಪಕ್ಕದಲ್ಲಿಯೇ, ಮುನ್ಸೂಚನೆ ಕೊಡದೆ ಬರುತ್ತವೆ. ಬೀಳುವುದನ್ನು ತಪ್ಪಿಸಿಕೊಳ್ಳಲು ಹೊರಗೆ ಹೋದವನು ಸಾಮಾನ್ಯವಾಗಿ ಇವುಗಳನ್ನೂ ತಪ್ಪಿಸಿಕೊಳ್ಳುತ್ತಾನೆ.

ಬಹಳ ದಿನ ನಾನು ಇದನ್ನು ನನ್ನ ಹೇಡಿತನ ಎಂದೇ ತಿಳಿದಿದ್ದೆ. ಆಮೇಲೆ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದಾಗ ಬೇರೊಂದು ವಿಷಯ ಹೊಳೆಯಿತು. ನಾನು ಮಾರದೇ ಗಟ್ಟಿಯಾಗಿ ಕುಳಿತಿದ್ದರೂ 2009ರ ಜೂನಿನಲ್ಲಿ ಆ ಒಂದೂವರೆ ಲಕ್ಷ ಸುಮಾರು ಒಂದು ಲಕ್ಷದ ಏಳು ಸಾವಿರ ಮಾತ್ರ ಆಗಿರುತ್ತಿತ್ತು. ಫೀಸಿಗೆ ಆಗಲೂ ಸಾಲದು. ಅಂದರೆ ಮೊದಲ ತಪ್ಪು ಅಕ್ಟೋಬರಿನಲ್ಲಿ ಮಾರಿದ್ದಲ್ಲ. ಒಂದೂವರೆ ವರ್ಷದಲ್ಲಿ ಬೇಕಾಗುವ ಹಣವನ್ನು ಅಲ್ಲಿ ಹಾಕಿದ್ದೇ ಮೊದಲ ತಪ್ಪು. ನನ್ನ ಭಯಕ್ಕೆ ಕಾರಣವಿತ್ತು. ಬೇಗ ಬೇಕಾದ ಹಣ ಪೇಟೆಯಲ್ಲಿದ್ದರೆ ಎಂಥ ಧೈರ್ಯವಂತನೂ ಕಂಗಾಲಾಗುತ್ತಾನೆ. ಆದ್ದರಿಂದ "ಹೆದರಬೇಡಿ" ಎನ್ನುವ ಉಪದೇಶದಿಂದ ಏನೂ ಆಗುವುದಿಲ್ಲ. ಹೆದರುವ ಕಾರಣವನ್ನು ಮೊದಲೇ ತೆಗೆಯಬೇಕು.

ಹಾಳೆಯಲ್ಲಿ ಬರೆದದ್ದು

2018ರಲ್ಲಿ ನಾನು ನಿವೃತ್ತನಾದೆ. ಬಂದದ್ದು, ಉಳಿಸಿದ್ದು ಎಲ್ಲ ಸೇರಿ 20 ಲಕ್ಷ ರೂಪಾಯಿ. ಪಿಂಚಣಿ ಬರುತ್ತದೆ, ಆದರೆ ಮನೆ ಖರ್ಚಿಗೆ ವರ್ಷಕ್ಕೆ ಸುಮಾರು ಒಂದು ಲಕ್ಷ ಕಡಿಮೆ ಬೀಳುತ್ತದೆ. ಈ ಸಲ ಹಣ ಹಾಕುವ ಮುಂಚೆಯೇ ಒಂದು ಹಾಳೆ ತೆಗೆದುಕೊಂಡು ಕುಳಿತೆ. ಕಚೇರಿಯಲ್ಲಿ ಬೆಂಕಿ ಬಿದ್ದರೆ ಯಾರು ಯಾವ ಬೀರುವಿನ ಕಡತ ಹೊರತರಬೇಕು ಎಂದು ಗೋಡೆಗೆ ಪಟ್ಟಿ ಅಂಟಿಸಿರುತ್ತಾರಲ್ಲ, ಅಂಥದ್ದೇ ಒಂದು ಪಟ್ಟಿ.

ಮೊದಲ ಸಾಲು: ಯಾವ ಹಣ ಯಾವಾಗ ಬೇಕು. ಐದು ವರ್ಷದ ಮನೆ ಖರ್ಚಿನ ಕೊರತೆ 5 ಲಕ್ಷ. ಆಸ್ಪತ್ರೆಗೆಂದು 2 ಲಕ್ಷ. ಈ 7 ಲಕ್ಷ ಎಂದೂ ಷೇರಿಗೆ ಹೋಗುವಂತಿಲ್ಲ ಎಂದು ಬರೆದೆ. ಐದು ವರ್ಷ ಏಕೆ ಎಂದು ಕೇಳಬಹುದು. 2008ರ ಜನವರಿಯಲ್ಲಿದ್ದ ಮಟ್ಟವನ್ನು ಸೆನ್ಸೆಕ್ಸ್ 2010ರ ದೀಪಾವಳಿಗೆ ಮುಟ್ಟಿತು, ಮತ್ತೆ ಇಳಿಯಿತು. ಆ ಮಟ್ಟವನ್ನು ಪುನಃ ದಾಟಲು 2013ರ ಕೊನೆ ಬರಬೇಕಾಯಿತು. ಹೆಚ್ಚುಕಡಿಮೆ ಆರು ವರ್ಷ. ಬಿದ್ದದ್ದು ಏಳುತ್ತದೆ ಎನ್ನುವವರು ಎಷ್ಟು ದಿನದಲ್ಲಿ ಎಂದು ಹೇಳುವುದಿಲ್ಲ. ಅಷ್ಟು ದಿನ ಕಾಯಲು ಮನೆಯಲ್ಲಿ ಅಕ್ಕಿ ಬೇಳೆಗೆ ಹಣ ಬೇರೆಡೆ ಇರಬೇಕು.

ಎರಡನೆಯ ಸಾಲು: ಎಷ್ಟು ಹೋಗಬಹುದು, ರೂಪಾಯಿಯಲ್ಲಿ. 12 ಲಕ್ಷವನ್ನು ಷೇರಿನ ಇಂಡೆಕ್ಸ್ ಫಂಡಿಗೆ ಹಾಕಬೇಕೆಂದು ನನ್ನ ಆಸೆಯಿತ್ತು. ಇಂಡೆಕ್ಸ್ ಫಂಡ್ ಎಂದರೆ ಸೂಚ್ಯಂಕದಲ್ಲಿರುವ ಎಲ್ಲ ಕಂಪೆನಿಗಳ ಷೇರನ್ನೂ ಅದೇ ಪ್ರಮಾಣದಲ್ಲಿ ಕೊಂಡಿಡುವ ಫಂಡ್. 2008ರ ಕುಸಿತ ಶೇಕಡಾ 60ರಷ್ಟಿತ್ತು. "ಶೇಕಡಾ 60" ಎಂದು ಬರೆದಾಗ ನನಗೇನೂ ಅನಿಸಲಿಲ್ಲ. ಮನೆಯವಳು ಪಕ್ಕದಲ್ಲಿ ಕುಳಿತಿದ್ದಳು. "ಅದು ರೂಪಾಯಿಯಲ್ಲಿ ಎಷ್ಟು ಅಂತ ಬರೆಯಿರಿ" ಎಂದಳು. 12 ಲಕ್ಷ ಹೋಗಿ 4 ಲಕ್ಷ 80 ಸಾವಿರ ಎಂದು ಬರೆದೆ. "ಹನ್ನೆರಡು ಐದಾದರೆ ನನಗೆ ನಿದ್ದೆ ಬರುವುದಿಲ್ಲ. ನಿಮಗೆ ಬರುತ್ತದಾ?" ಎಂದು ಕೇಳಿದಳು. ನನಗೂ ಬರುವುದಿಲ್ಲ. 8 ಲಕ್ಷಕ್ಕೆ ಇಳಿಸಿದೆವು. ಅದು ಕೆಟ್ಟ ಕಾಲದಲ್ಲಿ 3 ಲಕ್ಷ 20 ಸಾವಿರ ಆಗಬಹುದು, ಒಟ್ಟು 20 ಲಕ್ಷ 15 ಲಕ್ಷದ ಚಿಲ್ಲರೆಗೆ ಬರಬಹುದು. ಅಷ್ಟನ್ನು ತಡೆದುಕೊಳ್ಳಬಹುದು ಎಂದು ಇಬ್ಬರಿಗೂ ಅನಿಸಿತು. ಹೀಗೆ 12 ಲಕ್ಷ ಬ್ಯಾಂಕು ಮತ್ತು ಅಂಚೆ ಕಚೇರಿಯಲ್ಲಿ, 8 ಲಕ್ಷ ಇಂಡೆಕ್ಸ್ ಫಂಡಿನಲ್ಲಿ. ನೂರಕ್ಕೆ 60 ಮತ್ತು 40.

ಈ ಎರಡನೆಯ ಸಾಲೇ ಹಾಳೆಯ ಜೀವ. ಶೇಕಡಾವಾರು ಓದುವಾಗ ನಾವೆಲ್ಲ ಧೈರ್ಯವಂತರೇ. ರೂಪಾಯಿ ಓದುವಾಗ ನಿಜವಾದ ಧೈರ್ಯ ಎಷ್ಟಿದೆ ಎಂದು ಗೊತ್ತಾಗುತ್ತದೆ. ಆ ಸಂಖ್ಯೆಯನ್ನು ನೋಡಿ ಹೊಟ್ಟೆ ತಳಮಳಿಸಿದರೆ ಷೇರಿನ ಪಾಲನ್ನು ಇಂದೇ ತಗ್ಗಿಸಿ. ಪೇಟೆ ಚೆನ್ನಾಗಿರುವಾಗ ತಗ್ಗಿಸುವುದು ವಿವೇಕ. ಬಿದ್ದ ಮೇಲೆ ತಗ್ಗಿಸಿದರೆ ನಷ್ಟವನ್ನು ಕೈಯಾರೆ ಖಾಯಂ ಮಾಡಿಕೊಂಡಂತೆ.

ಮೂರನೆಯ ಸಾಲು: ಯಾವಾಗ ನೋಡುವುದು, ನೋಡಿ ಏನು ಮಾಡುವುದು. ವರ್ಷಕ್ಕೊಮ್ಮೆ, ಮಾರ್ಚ್ 31ರ ಬೆಲೆ ಹಿಡಿದು ಏಪ್ರಿಲ್ ಮೊದಲ ವಾರದಲ್ಲಿ ಲೆಕ್ಕ. ಷೇರಿನ ಪಾಲು ಒಟ್ಟು ಹಣದ ಶೇಕಡಾ 35ಕ್ಕಿಂತ ಕಡಿಮೆಯಾಗಿದ್ದರೆ ಠೇವಣಿಯಿಂದ ತೆಗೆದು ಮತ್ತೆ 40ಕ್ಕೆ ತರುವುದು. 45ಕ್ಕಿಂತ ಹೆಚ್ಚಾಗಿದ್ದರೆ ಫಂಡಿನಿಂದ ತೆಗೆದು 40ಕ್ಕೆ ಇಳಿಸುವುದು. ಸಾಗಿಸುವುದಾದರೆ ಮೂರು ಕಂತಿನಲ್ಲಿ, ಏಪ್ರಿಲ್, ಮೇ, ಜೂನ್ ತಿಂಗಳ ಕೊನೆಯಲ್ಲಿ. ಮುಟ್ಟಬಾರದ 7 ಲಕ್ಷಕ್ಕೆ ಕೈಹಾಕಬಾರದು. ಇದರಲ್ಲಿ ಪೇಟೆ ಮುಂದೆ ಏನಾಗುತ್ತದೆ ಎಂಬ ಊಹೆ ಎಲ್ಲಿಯೂ ಇಲ್ಲ ಎನ್ನುವುದನ್ನು ಗಮನಿಸಿ. ಟಿವಿಯವರು ಹೇಳುವುದನ್ನು ಕೇಳಿ ತೀರ್ಮಾನಿಸಬೇಕಾದ ಜಾಗವೇ ಅಲ್ಲಿ ಇಲ್ಲ.

ನಾಲ್ಕನೆಯ ಸಾಲು: ಮಾರಲು ಅನುಮತಿ ಇರುವ ಕಾರಣಗಳು. ಮೂರು ಮಾತ್ರ ಬರೆದೆವು. ಒಂದು, ಬದುಕಿಗೆ ನಿಜವಾಗಿ ಹಣ ಬೇಕಾಗಿದೆ, ಬೇರೆ ಎಲ್ಲ ಠೇವಣಿಯೂ ಮುಗಿದಿದೆ. ಎರಡು, ಪಾಲು 45 ದಾಟಿದೆ. ಮೂರು, ಆ ಫಂಡೇ ತನ್ನ ರೀತಿಯನ್ನು ಬದಲಿಸಿದೆ. ಅದರ ಕೆಳಗೆ ಅನುಮತಿ ಇಲ್ಲದ ಕಾರಣ ಎಂದು ಬರೆದು, "ಬೆಲೆ ಇಳಿದಿದೆ" ಎಂದಷ್ಟೇ ಬರೆದೆ.

ಐದನೆಯ ಸಾಲು: ಒಬ್ಬನೇ ಮಾರುವಂತಿಲ್ಲ. ಮಾರಬೇಕೆನಿಸಿದರೆ ಕಾರಣವನ್ನು ಹಾಳೆಯ ಹಿಂಬದಿಯಲ್ಲಿ ಬರೆಯಬೇಕು, ಮೂರು ದಿನ ಬಿಡಬೇಕು, ಆಮೇಲೆ ಇಬ್ಬರೂ ಸಹಿ ಹಾಕಬೇಕು. ತಾರೀಕು ಹಾಕಿ ಇಬ್ಬರೂ ಸಹಿ ಮಾಡಿ, ಬ್ಯಾಂಕ್ ಪಾಸ್‌ಬುಕ್ಕುಗಳ ಜೊತೆ ಇಟ್ಟೆವು.

2020ರ ಮಾರ್ಚ್

ಹಾಳೆಗೆ ಪರೀಕ್ಷೆ ಬೇಗನೇ ಬಂತು. 2020ರ ಜನವರಿ ನಡುವಿನಲ್ಲಿ ನಿಫ್ಟಿ 12,400ರ ಹತ್ತಿರವಿತ್ತು. ನಮ್ಮ ಫಂಡಿನ ಬೆಲೆ ಆಗ ಸರಿಸುಮಾರು 8 ಲಕ್ಷ. ಕೊರೊನಾ ಸುದ್ದಿ ಹಬ್ಬಿದಂತೆ ಇಳಿಯತೊಡಗಿತು. ಮಾರ್ಚ್ 13ರ ಬೆಳಿಗ್ಗೆ ಶೇಕಡಾ 10 ಬಿದ್ದು 45 ನಿಮಿಷ ವಹಿವಾಟು ನಿಂತಿತು. ಅದೇ ದಿನ ಸಂಜೆಗೆ ಪೇಟೆ ಏರಿಕೆಯಲ್ಲಿ ಮುಗಿಯಿತು. ಬೆಳಿಗ್ಗೆ ಹೆದರಿ ಮಾರಿದವನು ಸಂಜೆ ಏನೆಂದುಕೊಂಡಿರಬೇಕು! ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ. ಮರುದಿನ ಸೋಮವಾರ ಮತ್ತೆ ಶೇಕಡಾ 10 ಬಿದ್ದು ನಿಂತಿತು, ತೆರೆದ ಮೇಲೆ ಇನ್ನೂ ಬಿತ್ತು. ದಿನದ ಕೊನೆಗೆ ನಿಫ್ಟಿ 7,610. ಒಂದೇ ದಿನಕ್ಕೆ ಶೇಕಡಾ 13, ಜನವರಿಯಿಂದ ಶೇಕಡಾ 38. ನಮ್ಮ 8 ಲಕ್ಷ 4 ಲಕ್ಷ 92 ಸಾವಿರವಾಗಿತ್ತು.

ಆ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನನಗೆ ಮಾರಬೇಕೆನಿಸಿತು. ಇದನ್ನು ಮುಚ್ಚಿಡುವುದಿಲ್ಲ. 2008ರ ಅದೇ ಹೊಟ್ಟೆಯ ಸಂಕಟ. ಫೋನು ಕೈಯಲ್ಲಿತ್ತು, ಈಗ ಏಜೆಂಟರ ಮನೆಗೂ ಹೋಗಬೇಕಿಲ್ಲ, ಎರಡು ಸಲ ಒತ್ತಿದರೆ ಸಾಕು. ಮನೆಯವಳು ಹಾಳೆ ತಂದು ಮುಂದಿಟ್ಟಳು. ನಿಯಮದಂತೆ ಹಿಂಬದಿಯಲ್ಲಿ ಕಾರಣ ಬರೆಯಲು ಕುಳಿತೆ. "ಬೆಲೆ ಇಳಿದಿದೆ" ಎನ್ನುವುದಕ್ಕಿಂತ ಬೇರೆ ಏನೂ ಬರೆಯಲು ಹೊಳೆಯಲಿಲ್ಲ. ಅದು ಅನುಮತಿ ಇಲ್ಲದ ಕಾರಣ. ಎರಡನೆಯ ಸಾಲು ನೋಡಿದೆ. 3 ಲಕ್ಷ 20 ಸಾವಿರಕ್ಕೆ ಇಳಿಯಬಹುದು ಎಂದು ನಾನೇ ಬರೆದಿದ್ದೆ. ಆಗಿನ ಬೆಲೆ ನಾನು ನಿರೀಕ್ಷಿಸಿದ್ದಕ್ಕಿಂತ ಮೇಲೆಯೇ ಇತ್ತು. ಅಷ್ಟೇ ಸಾಕಾಯಿತು. ಭಯ ಹೋಗಲಿಲ್ಲ, ಆದರೆ ಫೋನು ಕೆಳಗಿಟ್ಟೆ.

ಇಲ್ಲಿ ಒಂದು ಮಾತು ತಿಳಿದಿರಲಿ. ಮ್ಯೂಚುವಲ್ ಫಂಡ್ ಮಾರುವಾಗ ನಮಗೆ ಆ ಕ್ಷಣದ ಬೆಲೆ ಸಿಗುವುದಿಲ್ಲ. ಸಾಮಾನ್ಯವಾಗಿ ಮಧ್ಯಾಹ್ನ 3 ಗಂಟೆಯೊಳಗೆ ಅರ್ಜಿ ಕೊಟ್ಟರೆ ಆ ದಿನದ ಕೊನೆಯ ಬೆಲೆ, 3ರ ನಂತರ ಕೊಟ್ಟರೆ ಮರುದಿನದ ಬೆಲೆ. ಆ ಸೋಮವಾರ ಬೆಳಿಗ್ಗೆ "ಇನ್ನು ಇಳಿಯುವ ಮುಂಚೆ ಹೊರಬರೋಣ" ಎಂದು ಮಾರಿದವನಿಗೆ ಸಿಕ್ಕಿದ್ದು ಬೆಳಗಿನ ಬೆಲೆಯಲ್ಲ, ದಿನದ ಇಡೀ ಕುಸಿತವನ್ನು ಹೊತ್ತ ಬೆಲೆ. ಭಯದಲ್ಲಿ ಒತ್ತಿದ ಗುಂಡಿಗೆ ಬೆಲೆ ಎಷ್ಟೆಂದು ಒತ್ತುವಾಗ ಗೊತ್ತಿರುವುದೇ ಇಲ್ಲ.

ಏಪ್ರಿಲ್ ಮೊದಲ ವಾರ ಹಾಳೆ ಹೇಳಿದಂತೆ ಲೆಕ್ಕ ಹಾಕಿದೆ. ಮಾರ್ಚ್ 31ಕ್ಕೆ ನಿಫ್ಟಿ 8,600ರ ಹತ್ತಿರ. ಫಂಡು 5 ಲಕ್ಷ 56 ಸಾವಿರ, ಠೇವಣಿ 12 ಲಕ್ಷ, ಒಟ್ಟು 17 ಲಕ್ಷ 56 ಸಾವಿರ. ಷೇರಿನ ಪಾಲು ನೂರಕ್ಕೆ 32ಕ್ಕಿಂತ ಕಡಿಮೆ. 35ರ ಕೆಳಗೆ ಬಂದಿದೆ, ಆದ್ದರಿಂದ 40ಕ್ಕೆ ತರಬೇಕು. 17 ಲಕ್ಷ 56 ಸಾವಿರದ ಶೇಕಡಾ 40 ಎಂದರೆ ಸುಮಾರು 7 ಲಕ್ಷ. ಅಂದರೆ ಸುಮಾರು ಒಂದೂವರೆ ಲಕ್ಷ ಠೇವಣಿಯಿಂದ ಫಂಡಿಗೆ ಹೋಗಬೇಕು, ತಿಂಗಳಿಗೆ 50,000ದಂತೆ. ಇದಕ್ಕೆಂದೇ ಊರಿನ ಬ್ಯಾಂಕಿನಲ್ಲಿ ಒಂದು ದೊಡ್ಡ ಠೇವಣಿಯ ಬದಲು 50,000ದ ಮೂರು ಚಿಕ್ಕ ಠೇವಣಿಗಳನ್ನು ಇಟ್ಟಿದ್ದೆ. ಅವಧಿಗೆ ಮುಂಚೆ ಒಡೆದರೆ ಬಡ್ಡಿ ಸ್ವಲ್ಪ ಕಡಿಮೆಯಾಗುತ್ತದೆ. ಬೇಕಾದಷ್ಟನ್ನೇ ಒಡೆದರೆ ಉಳಿದದ್ದಕ್ಕೆ ಬಡ್ಡಿ ಹಾಗೆಯೇ ಇರುತ್ತದೆ.

ಹಾಳೆಯಲ್ಲಿದ್ದ ತೂತು

ಎಲ್ಲವೂ ಬರೆದಂತೆ ನಡೆಯಿತು ಎಂದರೆ ಸುಳ್ಳಾಗುತ್ತದೆ. ಏಪ್ರಿಲ್ ಎರಡನೆಯ ವಾರ ಮನೆಯವಳು ಅಂಗಳದಲ್ಲಿ ಜಾರಿ ಬಿದ್ದು ಕೈ ಮುರಿಯಿತು. ಕಾಸರಗೋಡಿನಲ್ಲಿಯೇ ಆಪರೇಷನ್, 85,000 ರೂಪಾಯಿ. ಆಸ್ಪತ್ರೆಗೆಂದು ಬರೆದಿಟ್ಟ 2 ಲಕ್ಷ ಇತ್ತಲ್ಲ? ಇತ್ತು, ಮಂಗಳೂರಿನ ಶಾಖೆಯೊಂದರಲ್ಲಿ. ನಾನು ಹೋಗಿ ಸಹಿ ಹಾಕಿದರೆ ಮಾತ್ರ ಒಡೆಯಬಹುದಾದ ಠೇವಣಿ. ತಲಪಾಡಿಯಲ್ಲಿ ಗಡಿ ಮುಚ್ಚಿತ್ತು, ಒಳದಾರಿಗಳಿಗೂ ಮಣ್ಣು ಸುರಿದಿದ್ದರು. ರೋಗಿಗಳೇ ದಾಟಲಾಗದೆ ಪಟ್ಟ ಪಾಡು ನಮ್ಮವರಿಗೆ ಹೇಳಬೇಕಾಗಿಲ್ಲ. ಐವತ್ತು ಕಿಲೋಮೀಟರ್ ದೂರದ ನನ್ನ ಹಣ ಅಂದು ಇದ್ದೂ ಇಲ್ಲದಂತಾಯಿತು.

ಆ ದಿನ ಫಂಡನ್ನು ಮಾರುವುದಕ್ಕೆ ನಿಜವಾದ ಕಾರಣವೇ ಇತ್ತು. ಊರಿನ 50,000ದ ಒಂದು ಠೇವಣಿ ಒಡೆದೆ, ಉಳಿದ 35,000ವನ್ನು ಭಾವನವರು ಕೊಟ್ಟರು. ಹಾಗಾಗಿ ಮಾರದೆ ಉಳಿದೆ. ಆದರೆ ಫಂಡಿಗೆ ಸಾಗಿಸಲು ಎರಡೇ ಠೇವಣಿ ಉಳಿದವು. ಏಪ್ರಿಲ್ ಕೊನೆಗೆ ಒಂದು, ಮೇ ಕೊನೆಗೆ ಒಂದು, ಒಟ್ಟು ಒಂದು ಲಕ್ಷ ಮಾತ್ರ ಹಾಕಿದೆ. ಮೂರನೆಯ ಕಂತು ಹಾಕಲಿಲ್ಲ. ಯೋಜನೆ ಮೂರರಲ್ಲಿ ಎರಡು ಪಾಲು ನಡೆದರೂ ಯೋಜನೆಯೇ.

ಗಡಿನಾಡಿನ ನಮಗೆ ಇದು ವಿಶೇಷವಾಗಿ ಸಂಬಂಧಿಸಿದ್ದು. ಕಾಸರಗೋಡಿನವರ ಖಾತೆ ಮಂಗಳೂರಿನಲ್ಲಿ, ಸೊಲ್ಲಾಪುರದವರದು ವಿಜಯಪುರದಲ್ಲಿ, ಹೊಸೂರಿನವರದು ಬೆಂಗಳೂರಿನಲ್ಲಿ, ಆದವಾನಿಯವರದು ಬಳ್ಳಾರಿಯಲ್ಲಿ ಇರುವುದು ಸಾಮಾನ್ಯ. ಓದಿದ್ದು ಅಲ್ಲಿ, ಕೆಲಸ ಮಾಡಿದ್ದು ಅಲ್ಲಿ, ಖಾತೆಯೂ ಅಲ್ಲಿಯೇ. ಇರಲಿ. ಆದರೆ ತುರ್ತಿನ ಹಣದಲ್ಲಿ ಕನಿಷ್ಠ ಅರ್ಧ, ನೀವು ಮಲಗಿ ಏಳುವ ಊರಿನ ಬ್ಯಾಂಕಿನಲ್ಲಿ ಇರಬೇಕು. ಅದು ಜಂಟಿ ಖಾತೆಯಾಗಿರಬೇಕು, ಇಬ್ಬರಲ್ಲಿ ಯಾರು ಸಹಿ ಹಾಕಿದರೂ ನಡೆಯುವಂತಿರಬೇಕು. ಈಗ ನನ್ನ ಹಾಳೆಗೆ ಇದು ಆರನೆಯ ಸಾಲು. ಪೇಟೆ ಕುಸಿಯುವುದು ಮತ್ತು ಬದುಕಿನ ತೊಂದರೆ ಬೇರೆ ಬೇರೆ ದಿನ ಬರುತ್ತವೆ ಎಂದು ತಿಳಿಯಬೇಡಿ. 2020ರಲ್ಲಿ ಎರಡಕ್ಕೂ ಕಾರಣ ಒಂದೇ ಆಗಿತ್ತು, ಎರಡೂ ಜೊತೆಯಾಗಿಯೇ ಬಂದವು.

ಕೊನೆಗೆ ಏನಾಯಿತು

2020ರ ನವೆಂಬರ್ ಎರಡನೆಯ ವಾರದಲ್ಲಿ ನಿಫ್ಟಿ ಮತ್ತೆ 12,400 ದಾಟಿತು. ನಮ್ಮ ಹಳೆಯ ಯೂನಿಟ್‌ಗಳು ಮತ್ತೆ 8 ಲಕ್ಷ. ಇಳಿದಾಗ ಹಾಕಿದ ಒಂದು ಲಕ್ಷ, ಒಂದು ಲಕ್ಷದ 27 ಸಾವಿರವಾಗಿತ್ತು. ಒಟ್ಟು ಒಂಬತ್ತೂಕಾಲು ಲಕ್ಷ. ಮಾರ್ಚ್ 23ರಂದು ಮಾರಿ ಬ್ಯಾಂಕಿನಲ್ಲಿ ಇಟ್ಟಿದ್ದರೆ 4 ಲಕ್ಷ 92 ಸಾವಿರಕ್ಕೆ ಒಂದಿಷ್ಟು ಬಡ್ಡಿ ಸೇರುತ್ತಿತ್ತು. ಶೇಕಡಾ 38 ಬಿದ್ದದ್ದು ಮೊದಲಿನ ಮಟ್ಟಕ್ಕೆ ಬರಲು ಸುಮಾರು ಶೇಕಡಾ 61 ಏರಬೇಕು ಎಂಬುದೂ ನೆನಪಿರಲಿ. 100 ರೂಪಾಯಿ 62 ಆದರೆ, ಆ 62ಕ್ಕೆ 38 ಸೇರಬೇಕಲ್ಲ. ಅಷ್ಟನ್ನು ಬ್ಯಾಂಕಿನ ಬಡ್ಡಿಯಿಂದ ತುಂಬಿಸಲು ವರ್ಷಗಳೇ ಬೇಕು. ಆದ್ದರಿಂದಲೇ ಕುಸಿದ ಬೆಲೆಗೆ ಮಾರಿ ಠೇವಣಿಗೆ ಹೋದವನ ನಷ್ಟ ಅಷ್ಟು ಗಟ್ಟಿಯಾಗಿ ಕೂರುತ್ತದೆ.

ಎಂಟು ತಿಂಗಳಲ್ಲಿ ಏರಿದ್ದು ನಮ್ಮ ಅದೃಷ್ಟ. 2008ರಂತೆ ಆರು ವರ್ಷವೂ ಆಗಬಹುದಿತ್ತು. ಹಾಳೆಯ ಗುಣ ಇರುವುದು ಬೇಗ ಏರಿದ್ದರಲ್ಲಲ್ಲ, ಏರದಿದ್ದರೂ ಐದು ವರ್ಷ ನಮ್ಮ ಒಲೆ ಉರಿಯುತ್ತಿತ್ತು ಎನ್ನುವುದರಲ್ಲಿ.

ಈ ಮಾತು ಎಲ್ಲಿ ಅನ್ವಯಿಸುವುದಿಲ್ಲ

ಕುಸಿತದಲ್ಲಿ ಗಟ್ಟಿಯಾಗಿ ಕೂರುವ ಈ ಮಾತು ಹಲವು ಕಂಪೆನಿಗಳು ಸೇರಿರುವ ಫಂಡಿಗೆ ಮಾತ್ರ. ಒಂದೇ ಕಂಪೆನಿಯ ಷೇರಿಗೆ ಇದನ್ನು ಹೇಳಲಾಗದು. 2009ರ ಜನವರಿ 7ರಂದು ಸತ್ಯಂ ಕಂಪೆನಿಯ ಲೆಕ್ಕಪತ್ರದ ವಂಚನೆ ಹೊರಬಿದ್ದಾಗ ಅದರ ಷೇರು ಒಂದೇ ದಿನದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬಿತ್ತು. ಪೇಟೆ ಏರಿತೆಂದು ಅಂಥ ಷೇರು ಏರಬೇಕಾಗಿಲ್ಲ. ಸೂಚ್ಯಂಕದಲ್ಲಾದರೆ ಕೆಟ್ಟ ಕಂಪೆನಿಯನ್ನು ತೆಗೆದು ಬೇರೆಯದನ್ನು ಸೇರಿಸುತ್ತಾರೆ. ನಿಮ್ಮ ಬಳಿಯಿರುವ ಒಂಟಿ ಷೇರನ್ನು ಯಾರೂ ಬದಲಿಸಿಕೊಡುವುದಿಲ್ಲ.

ಸಾಲದ ಹಣಕ್ಕೂ ಅನ್ವಯಿಸುವುದಿಲ್ಲ. ಚಿನ್ನ ಅಡವಿಟ್ಟೋ, ಬ್ರೋಕರರಿಂದ ಸಾಲ ಪಡೆದೋ ಹಾಕಿದ್ದರೆ, ಬೆಲೆ ಇಳಿದಾಗ ಮಾರಬೇಕೋ ಬೇಡವೋ ಎನ್ನುವ ತೀರ್ಮಾನ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ. ಸಾಲ ಕೊಟ್ಟವನು ಮಾರಿಸುತ್ತಾನೆ.

ಇನ್ನು, ಸೂಚ್ಯಂಕವೂ ಇಷ್ಟೇ ವರ್ಷದಲ್ಲಿ ಏರುತ್ತದೆ ಎಂಬ ಖಾತರಿ ಇಲ್ಲ. ಜಪಾನಿನ ನಿಕ್ಕೇ ಸೂಚ್ಯಂಕ 1989ರ ಡಿಸೆಂಬರಿನಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಅದಕ್ಕಾಗಿಯೇ 20ರಲ್ಲಿ 8 ಮಾತ್ರ ಅಲ್ಲಿ, 12 ಇಲ್ಲಿ. ಎಲ್ಲವನ್ನೂ ಷೇರಿನಲ್ಲಿಟ್ಟು "ಕಾಯುತ್ತೇನೆ" ಎನ್ನುವುದು ಯೋಜನೆಯಲ್ಲ, ಹಠ.

ತಿಂಗಳು ತಿಂಗಳು ಎಸ್‌ಐಪಿ ಕಟ್ಟುತ್ತಿರುವ ಕಿರಿಯ ಸದಸ್ಯರಿಗೆ ಒಂದು ಮಾತು. ಮಾರುವುದು ಮಾತ್ರವಲ್ಲ, ಕುಸಿತದಲ್ಲಿ ಕಂತು ನಿಲ್ಲಿಸುವುದೂ ಅದೇ ತಪ್ಪು. ಯೂನಿಟ್ ಬೆಲೆ 100 ಇದ್ದಾಗ 5,000 ರೂಪಾಯಿಗೆ 50 ಯೂನಿಟ್ ಬರುತ್ತದೆ, 62ಕ್ಕೆ ಇಳಿದಾಗ 80 ಬರುತ್ತದೆ. ಹೆಚ್ಚು ಬರುವ ತಿಂಗಳಲ್ಲೇ ನಿಲ್ಲಿಸಿದರೆ ಕಂತಿನ ಪದ್ಧತಿಯ ಲಾಭವೇ ಹೋಯಿತು. ಕೆಲಸವೇ ಹೋಗಿ ಸಂಬಳ ನಿಂತರೆ ಮಾತು ಬೇರೆ. ಆಗ ನಿಲ್ಲಿಸಬಹುದು ಎಂದು ಹಾಳೆಯಲ್ಲೇ ಬರೆದುಕೊಳ್ಳಿ.

ನನ್ನ ಸಂಖ್ಯೆಗಳು ನನ್ನ ಮನೆಯವು. ನಿಮಗೆ ಮಕ್ಕಳ ಮದುವೆ ಹತ್ತಿರವಿರಬಹುದು, ಪಿಂಚಣಿ ಇಲ್ಲದಿರಬಹುದು. 40ರ ಬದಲು 20 ಆಗಬಹುದು, ಸೊನ್ನೆಯೂ ಆಗಬಹುದು, ಅದರಲ್ಲಿ ನಾಚಿಕೆಯೇನೂ ಇಲ್ಲ. ದೊಡ್ಡ ಮೊತ್ತವಾದರೆ ಸೆಬಿಯಲ್ಲಿ ನೋಂದಾಯಿಸಿದ ಸಲಹೆಗಾರರನ್ನು ಕೇಳಿ. ಆದರೆ ಹಾಳೆಯನ್ನು ನೀವೇ, ನಿಮ್ಮ ಕೈಬರಹದಲ್ಲಿಯೇ ಬರೆಯಿರಿ. ಕುಸಿದ ದಿನ ಬೇರೆಯವರ ಮಾತನ್ನು ನಾವು ನಂಬುವುದಿಲ್ಲ. ನಮ್ಮದೇ ಅಕ್ಷರವನ್ನು ಸುಳ್ಳೆನ್ನಲು ಮಾತ್ರ ಸ್ವಲ್ಪ ಕಷ್ಟವಾಗುತ್ತದೆ.

ನನ್ನ ಹಾಳೆಯ ನಮೂನೆ, ಸಂಖ್ಯೆಗಳನ್ನು ಖಾಲಿ ಬಿಟ್ಟದ್ದು, ಸಂಘದ ಕಚೇರಿಯಲ್ಲಿದೆ. ಬೇಕಾದವರು ಶನಿವಾರ ಸಂಜೆ ಬಂದು ಒಂದು ಪ್ರತಿ ತೆಗೆದುಕೊಳ್ಳಬಹುದು. ಬರುವಾಗ ಮನೆಯವರನ್ನೂ ಕರೆದುಕೊಂಡು ಬನ್ನಿ, ಎರಡನೆಯ ಸಾಲನ್ನು ಒಬ್ಬರೇ ತುಂಬಿಸಬಾರದು.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ